ಐಇಎಲ್‌ಟಿಎಸ್ ಸ್ಪೀಕಿಂಗ್: ಕ್ಯೂ ಕಾರ್ಡಿನ ಎರಡು ನಿಮಿಷ ನಿಭಾಯಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಡೊಂಬಿವಿಲಿ, ಪುಣೆಯ ಕನ್ನಡ ಮನೆಗಳ ಹುಡುಗ ಹುಡುಗಿಯರು ಸ್ಪೀಕಿಂಗ್ ಅಭ್ಯಾಸಕ್ಕೆ ನನ್ನ ಬಳಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಬ್ರಿಟನ್ನಿಗೆ ಹೊರಟ ನರ್ಸುಗಳು, ಉಳಿದವರು ಕೆನಡಾಕ್ಕೆ ಅರ್ಜಿ ಹಾಕಿದ ಎಂಜಿನಿಯರುಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕೆಲಸದಲ್ಲಿ ಇಂಗ್ಲಿಷ್ ಆಡುವವರು ಇವರು. ಭಾಷೆಗೆ ಹೆದರುವವರಲ್ಲ. ಆದರೂ ಇವರ ಅಂಕ 6 ಅಥವಾ 6.5ಕ್ಕೆ ನಿಂತುಬಿಡುತ್ತದೆ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಸ್ಪೀಕಿಂಗ್‌ನಲ್ಲಿ 7 ಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಸಿಎಲ್‌ಬಿ 9 ಎನ್ನುವ ಭಾಷಾ ಮಟ್ಟಕ್ಕೂ ಸ್ಪೀಕಿಂಗ್‌ನಲ್ಲಿ ಅಷ್ಟೇ ಬೇಕು. ಅಂಕ ಹೆಚ್ಚಾಗಿ ಸೋರಿಹೋಗುವ ಜಾಗ ಪರೀಕ್ಷೆಯ ಎರಡನೆಯ ಭಾಗ. ಹಾಗಾಗಿ ಇಲ್ಲಿನ ಬಹುಪಾಲು ಪ್ರಶ್ನೆಗಳು ಅದರ ಸುತ್ತಲೇ ಇವೆ.

ಇಡೀ ಪರೀಕ್ಷೆಯಲ್ಲಿ ಸಮಯ ಹೇಗೆ ಹಂಚಿಕೆಯಾಗಿರುತ್ತದೆ?

ಒಟ್ಟು 11ರಿಂದ 14 ನಿಮಿಷ. ಮೊದಲ ಭಾಗದಲ್ಲಿ ಮನೆ, ಊರು, ಕೆಲಸ, ಹವ್ಯಾಸ ಇಂಥ ಪರಿಚಿತ ವಿಷಯಗಳ ಮೇಲೆ ನಾಲ್ಕೈದು ನಿಮಿಷ ಪ್ರಶ್ನೋತ್ತರ ನಡೆಯುತ್ತದೆ. ಎರಡನೆಯ ಭಾಗದಲ್ಲಿ ಮಾತಿನ ವಿಷಯ ಬರೆದ ಒಂದು ಕ್ಯೂ ಕಾರ್ಡ್, ಒಂದು ಹಾಳೆ, ಒಂದು ಪೆನ್ಸಿಲ್ ಕೊಡುತ್ತಾರೆ. ಸಿದ್ಧತೆಗೆ ಒಂದು ನಿಮಿಷ, ಆಮೇಲೆ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತನಾಡಬೇಕು. ಮೂರನೆಯ ಭಾಗದಲ್ಲಿ ಅದೇ ವಿಷಯವನ್ನು ಹಿಗ್ಗಿಸಿ ಮತ್ತೆ ನಾಲ್ಕೈದು ನಿಮಿಷ ಚರ್ಚೆ.

ಮೊದಲ ಮತ್ತು ಮೂರನೆಯ ಭಾಗಗಳಲ್ಲಿ ಗಡಿಯಾರ ನೋಡಿಕೊಳ್ಳುವುದು ಪರೀಕ್ಷಕರ ಕೆಲಸ. ಎರಡನೆಯದರಲ್ಲಿ ಮಾತ್ರ ಅದು ನಿಮ್ಮ ಹೆಗಲಿಗೆ ಬರುತ್ತದೆ.

ವ್ಯಾಕರಣಕ್ಕಿಂತ ನಿರರ್ಗಳತೆಗೆ ಹೆಚ್ಚು ಅಂಕ ಇದೆಯೇ?

ಇಲ್ಲ. ಅಳತೆಗೋಲು ನಾಲ್ಕು: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ನಿಖರತೆ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಹಾಗಿದ್ದರೆ ಓಟಕ್ಕೆ ಆದ್ಯತೆ ಕೊಡಿ ಎಂದು ನಾನು ಪಟ್ಟು ಹಿಡಿಯುವುದೇಕೆ? ಕಾರಣ ಅಂಕಪಟ್ಟಿಯ ವಿವರಣೆಯಲ್ಲಿಯೇ ಇದೆ.

ವ್ಯಾಕರಣದಲ್ಲಿ 7 ಪಡೆಯಲು ತಪ್ಪಿಲ್ಲದ ವಾಕ್ಯಗಳು ಆಗಾಗ ಬರಬೇಕು ಎಂದಷ್ಟೇ ಕೇಳುತ್ತಾರೆ. ಕೆಲವು ತಪ್ಪುಗಳು ಉಳಿದಿರಬಹುದು ಎಂದು ಅಲ್ಲೇ ಒಪ್ಪಿಕೊಂಡಿದ್ದಾರೆ. 8ರ ಮಟ್ಟದಲ್ಲಿಯೂ ಅಲ್ಲೊಂದು ಇಲ್ಲೊಂದು ತಪ್ಪಿಗೆ ಜಾಗವಿದೆ. ಓಟದ ವಿಷಯಕ್ಕೆ ಬಂದರೆ, 6ರ ಮಟ್ಟದ ವಿವರಣೆಯೇ ಹೀಗಿದೆ: ಅಭ್ಯರ್ಥಿ ದೀರ್ಘವಾಗಿ ಮಾತನಾಡಲು ಸಿದ್ಧನಿದ್ದಾನೆ, ಆದರೆ ಪುನರಾವರ್ತನೆ, ತನ್ನನ್ನೇ ತಿದ್ದಿಕೊಳ್ಳುವುದು, ತಡವರಿಸುವುದು, ಇವುಗಳಿಂದ ಕೆಲವೊಮ್ಮೆ ಮಾತಿನ ಎಳೆ ತಪ್ಪುತ್ತದೆ. 7ರಲ್ಲಿಯೂ ತಡವರಿಕೆ ಇರಬಹುದು, ಆದರೆ ಎಳೆ ತಪ್ಪಬಾರದು, ಶ್ರಮ ಎದ್ದು ಕಾಣಬಾರದು.

ಈಗ ಲೆಕ್ಕ ಹಾಕಿ. ವಾಕ್ಯದ ನಡುವೆ ನಿಂತು, ಹಿಂದೆ ಹೋಗಿ, ಒಂದು ಕ್ರಿಯಾಪದ ಸರಿಪಡಿಸಿದಿರಿ. ವ್ಯಾಕರಣದಲ್ಲಿ ಒಂದು ತಪ್ಪು ಕಡಿಮೆಯಾಯಿತು, ಆದರೆ ಆ ಮಟ್ಟದಲ್ಲಿ ಅದನ್ನು ಹೇಗೂ ಸಹಿಸುತ್ತಿದ್ದರು. ಓಟದಲ್ಲಿ ಮಾತ್ರ 6ರ ಲಕ್ಷಣವೊಂದು ನಿಮ್ಮ ಲೆಕ್ಕಕ್ಕೆ ಸೇರಿತು. ಎರಡು ನಿಮಿಷದಲ್ಲಿ ಹತ್ತು ಬಾರಿ ಹೀಗಾದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಶಿಕ್ಷಕರ ಕೆಂಪು ಶಾಯಿಗೆ ಹೆದರಿ ಬೆಳೆದ ಜಾಣ ಮಕ್ಕಳೇ ಈ ಬಲೆಗೆ ಹೆಚ್ಚು ಬೀಳುವುದನ್ನು ಕಂಡಿದ್ದೇನೆ. ಅವರಿಗೆ ತಪ್ಪು ತಕ್ಷಣ ಕೇಳಿಸುತ್ತದೆ, ಕೇಳಿಸಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ತಪ್ಪು ಮಾಡಿದ್ದು ಗೊತ್ತಾದರೂ ತಿದ್ದಿಕೊಳ್ಳಲೇ ಬಾರದೇ?

ಕೇಳುವವರಿಗೆ ಅರ್ಥ ತಪ್ಪಾಗಿ ಹೋಗುತ್ತದೆ ಎಂದಾದರೆ ಒಮ್ಮೆ ತಿದ್ದಿ, ಮುಂದೆ ನಡೆಯಿರಿ. ತಾಯಿಯ ಬಗ್ಗೆ ಮಾತನಾಡುತ್ತಾ ‘ಹಿ’ ಎಂದರೆ, ಎರಡು ವರ್ಷ ಎನ್ನಬೇಕಾದಲ್ಲಿ ಎರಡು ದಿನ ಎಂದರೆ ತಿದ್ದಬೇಕು. ‘ದಿ’ ಬಿಟ್ಟುಹೋಯಿತು, ‘ಇನ್’ ಜಾಗದಲ್ಲಿ ‘ಅಟ್’ ಬಂತು ಎನ್ನುವುದಕ್ಕೆಲ್ಲ ಹಿಂದೆ ತಿರುಗಬೇಡಿ. ಭೂತಕಾಲದ ಕಥೆಯಲ್ಲಿ ಒಂದು ಕ್ರಿಯಾಪದ ವರ್ತಮಾನಕ್ಕೆ ಜಾರಿದರೆ, ಅದನ್ನು ಅಲ್ಲಿಯೇ ಬಿಟ್ಟು ಮುಂದಿನ ವಾಕ್ಯವನ್ನು ಸರಿಯಾದ ಕಾಲದಲ್ಲಿ ಹೇಳಿ. ಪರೀಕ್ಷಕರು ಒಂದೊಂದು ತಪ್ಪಿಗೆ ಅಂಕ ಕಳೆಯುತ್ತಾ ಕೂರುವುದಿಲ್ಲ, ನಿಮ್ಮ ಒಟ್ಟು ಮಾತಿನ ಮಟ್ಟವನ್ನು ಅಳೆಯುತ್ತಾರೆ.

ಸಿದ್ಧತೆಯ ಒಂದು ನಿಮಿಷದಲ್ಲಿ ಏನು ಬರೆಯಬೇಕು?

ವಾಕ್ಯ ಬರೆಯಬೇಡಿ. ಒಂದು ನಿಮಿಷದಲ್ಲಿ ಮೂರು ವಾಕ್ಯ ಬರೆದರೆ ಹೆಚ್ಚು, ಅದು ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಓದಲು ಕಣ್ಣು ಹಾಳೆಗೆ ಇಳಿದಾಗ ದನಿಯೂ ಓದುವ ದನಿಯಾಗುತ್ತದೆ.

ಕಾರ್ಡಿನಲ್ಲಿ ಮುಖ್ಯ ವಿಷಯದ ಕೆಳಗೆ ಸಾಮಾನ್ಯವಾಗಿ ನಾಲ್ಕು ಸೂಚನೆಗಳಿರುತ್ತವೆ. ಕೊನೆಯದು ಬಹುಪಾಲು ‘ಏಕೆ’ ಅಥವಾ ‘ನಿಮಗೆ ಹೇಗನಿಸಿತು’ ಎಂದಿರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಯಾವ ಘಟನೆ ಅಥವಾ ಯಾವ ವ್ಯಕ್ತಿ ಎಂದು ತೀರ್ಮಾನಿಸಿ, ಮತ್ತೆ ಬದಲಿಸಬೇಡಿ. ಉತ್ತಮವಾದುದನ್ನು ಹುಡುಕುತ್ತಾ ಅರ್ಧ ನಿಮಿಷ ಕಳೆಯುವವರು ಬಹಳ. ಮೊದಲು ನೆನಪಿಗೆ ಬಂದದ್ದು ಸಾಕು, ಏಕೆಂದರೆ ಅದರ ವಿವರಗಳೂ ಬೇಗ ಬರುತ್ತವೆ. ಉಳಿದ ಸಮಯದಲ್ಲಿ ಪ್ರತಿ ಸೂಚನೆಗೆ ಎರಡು ಮೂರು ಪದ ಬರೆಯಿರಿ, ಯಾವ ಲಿಪಿಯಲ್ಲಾದರೂ ಸರಿ. ನಾನು ಒಂದು ಬದಲಾವಣೆ ಹೇಳಿಕೊಡುತ್ತೇನೆ: ‘ಏಕೆ’ ಎನ್ನುವ ಕೊನೆಯ ಸೂಚನೆಗೆ ಮೊದಲು ಬರೆಯಿರಿ. ಮಾತು ಖಾಲಿಯಾಗುವುದು ಅಲ್ಲಿಯೇ. ಯಾರು, ಎಲ್ಲಿ, ಯಾವಾಗ ಎನ್ನುವುದಕ್ಕೆ ಟಿಪ್ಪಣಿ ಇಲ್ಲದೆಯೂ ಬಾಯಿ ಆಡುತ್ತದೆ.

ಒಂದು ಉದಾಹರಣೆಯ ಮೂಲಕ ತೋರಿಸುವಿರಾ?

ಡೊಂಬಿವಿಲಿಯ ಒಬ್ಬ ನರ್ಸ್ ಅಭ್ಯಾಸಕ್ಕೆ ಬಂದಾಗ ನಾನು ಕೊಟ್ಟ ಕಾರ್ಡ್ ಇದು: ನಿಮಗೆ ನೆರವಾದ ಒಬ್ಬ ಅಪರಿಚಿತರ ಬಗ್ಗೆ ಹೇಳಿ. ಅವರು ಯಾರು, ಎಲ್ಲಿ ಭೇಟಿಯಾದಿರಿ, ಹೇಗೆ ನೆರವಾದರು, ಅವರು ಇನ್ನೂ ಏಕೆ ನೆನಪಿನಲ್ಲಿದ್ದಾರೆ. ಆಕೆ ಆರಿಸಿಕೊಂಡದ್ದು 2005ರ ಜುಲೈ 26ರ ಮುಂಬಯಿ ಮಹಾಮಳೆ. ಆಗ ಶಾಲೆಯ ಹುಡುಗಿ. ರೈಲು ನಿಂತು, ಮಾಟುಂಗಾದಲ್ಲಿ ಒಬ್ಬ ಉಡುಪಿ ಹೋಟೆಲಿನವರ ಬಳಿ ರಾತ್ರಿ ಕಳೆದಿದ್ದರು. ವಿಷಯ ತುಂಬ ಚೆನ್ನಾಗಿತ್ತು.

ಮೊದಲ ಸಲ ಹೇಳಿದಾಗ ಆದದ್ದು ಹೀಗೆ. ಆರಂಭದಲ್ಲಿಯೇ ತಾರೀಖು. ಇಪ್ಪತ್ತಾರೋ ಇಪ್ಪತ್ತೇಳೋ ಎಂದು ನಿಂತರು, ಇಪ್ಪತ್ತೇಳು ಎಂದರು, ಕ್ಷಮೆ ಕೇಳಿ ಇಪ್ಪತ್ತಾರು ಎಂದು ತಿದ್ದಿದರು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ದಾಖಲಾಗಿತ್ತು. ಆ ಅಂಕಿ ಅವರಿಗೆ ನೆನಪಿತ್ತು, ಹೇಳಲೇಬೇಕು ಎಂದು ಹೊರಟು ‘ನೈನ್ ಹಂಡ್ರೆಡ್’ ಬಳಿ ಎಡವಿ ಎರಡು ಸಲ ಮತ್ತೆ ಶುರು ಮಾಡಿದರು. ಅರ್ಧ ನಿಮಿಷ ಹೋಯಿತು, ಹೋಟೆಲಿನವರು ಇನ್ನೂ ಕಥೆಗೆ ಬಂದಿರಲಿಲ್ಲ. ಅದರ ಅರಿವಾಗಿ ಗಾಬರಿಯಲ್ಲಿ ‘ಹಿ ಹೆಲ್ಪ್ಡ್ ಮಿ ಅ ಲಾಟ್’ ಎಂಬ ಒಂದೇ ವಾಕ್ಯದಲ್ಲಿ ನೆರವನ್ನು ಮುಗಿಸಿದರು. ‘ಹಿ ವಾಸ್ ಎ ಗುಡ್ ಮ್ಯಾನ್’ ಎಂದು ಕೊನೆಗೊಳಿಸಿದಾಗ ಒಂದು ನಿಮಿಷವೂ ಆಗಿರಲಿಲ್ಲ.

ಅವರ ವಾಕ್ಯಗಳಲ್ಲಿ ತಪ್ಪು ಬಹಳ ಕಡಿಮೆ ಇದ್ದವು. ಆದರೆ ಸಮಯ ಖರ್ಚಾದದ್ದು ಅಂಕವೇ ಇಲ್ಲದ ಸಂಗತಿಗೆ. ತಾರೀಖು ನಿಜವೇ, ಮಳೆ ಎಷ್ಟು ಮಿಲಿಮೀಟರ್ ಎಂದು ಯಾರೂ ಪರಿಶೀಲಿಸುವುದಿಲ್ಲ. ‘ಅಬೌಟ್ ಟ್ವೆಂಟಿ ಇಯರ್ಸ್ ಅಗೋ’, ‘ದಿ ವರ್ಸ್ಟ್ ರೇನ್ ಐ ಹ್ಯಾವ್ ಎವರ್ ಸೀನ್’ ಎಂದರೆ ಸಾಕು. ಎರಡನೆಯ ವಾಕ್ಯದ ವ್ಯಾಕರಣವೂ ಅಂಕಿಗಿಂತ ಚೆನ್ನಾಗಿ ಕಾಣುತ್ತದೆ.

ಟಿಪ್ಪಣಿಯನ್ನು ಮತ್ತೆ ಮಾಡಿದೆವು. ಕೊನೆಯ ಸೂಚನೆಯಿಂದ ಆರಂಭಿಸಿ ಆಕೆ ಬರೆದದ್ದು ಇಷ್ಟೇ: ‘ಆಸ್ಪತ್ರೆ, ರಾತ್ರಿ ಕಾಯುವವರು’. ಅದರ ಮೇಲೆ ‘ಚಹಾ, ಫೋನ್ ಸಿಗಲಿಲ್ಲ, ಬೆಳಿಗ್ಗೆ ನಡೆದು’. ಅದಕ್ಕೂ ಮೇಲೆ ‘ರೈಲು ಬಂದ್, ಮಂಡಿವರೆಗೆ ನೀರು’. ಎಲ್ಲಕ್ಕೂ ಮೇಲೆ ‘ಹೋಟೆಲ್, ಬಿಳಿ ಅಂಗಿ’.

ಈ ಸಲ ಹೋಟೆಲಿನವರನ್ನು ಮೊದಲ ವಾಕ್ಯದಲ್ಲಿಯೇ ತಂದರು. ಅವರು ಯಾರು, ನೋಡಲು ಹೇಗಿದ್ದರು ಎನ್ನುವುದಕ್ಕೆ ಸುಮಾರು ಇಪ್ಪತ್ತು ಸೆಕೆಂಡು ಹಿಡಿಯಿತು. ಮಳೆ, ರೈಲು, ನೀರಿನಲ್ಲಿ ನಡೆದದ್ದು ಅರ್ಧ ನಿಮಿಷ. ನಂತರದ ಮುಕ್ಕಾಲು ನಿಮಿಷ ಇಡೀ ಕಥೆಯ ಜೀವ: ಕುರ್ಚಿಗಳನ್ನು ಸರಿಸಿ ಮಲಗಲು ಜಾಗ ಮಾಡಿದ್ದು, ದುಡ್ಡು ಕೇಳದೆ ಚಹಾ ಕೊಟ್ಟದ್ದು, ಮನೆಯ ನಂಬರು ಬರೆದುಕೊಂಡು ಮತ್ತೆ ಮತ್ತೆ ಫೋನು ಮಾಡಿದರೂ ಲೈನ್ ಸಿಗದೆ ಹೋದದ್ದು, ಬೆಳಿಗ್ಗೆ ಒಬ್ಬ ಕೆಲಸದವರನ್ನು ಜೊತೆಗೆ ಕಳಿಸಿದ್ದು. ಕೊನೆಯಲ್ಲಿ, ಈಗ ತನ್ನ ಆಸ್ಪತ್ರೆಯಲ್ಲಿ ರಾತ್ರಿ ಬಾಗಿಲ ಬಳಿ ಕೂತು ಕಾಯುವ ರೋಗಿಗಳ ಕಡೆಯವರನ್ನು ನೋಡಿದಾಗೆಲ್ಲ ಅವರು ನೆನಪಾಗುತ್ತಾರೆ ಎಂದು ಹೇಳುತ್ತಿದ್ದಾಗಲೇ ಎರಡು ನಿಮಿಷದ ಗಂಟೆ ಬಾರಿಸಿತು. ಕ್ರಿಯಾಪದಗಳು ಮೂರು ನಾಲ್ಕು ಕಡೆ ವರ್ತಮಾನಕ್ಕೆ ಜಾರಿದ್ದವು, ಒಂದೆಡೆ ‘ಮೆನಿ ವಾಟರ್’ ಬಂದಿತ್ತು. ಆದರೂ ಮೊದಲಿನದಕ್ಕಿಂತ ಇದು ಸ್ಪಷ್ಟವಾಗಿ ಮೇಲಿನ ಮಟ್ಟದ ಮಾತು. ಸಂಕೀರ್ಣ ವಾಕ್ಯಗಳೂ ಹೊಸ ಪದಗಳೂ ತಾವಾಗಿ ಬಂದಿದ್ದವು, ಏಕೆಂದರೆ ಅವು ಬರಲು ಜಾಗ ಸಿಕ್ಕಿತ್ತು.

ಎರಡು ನಿಮಿಷಕ್ಕೆ ಎಷ್ಟು ಮಾತು ಬೇಕು? ಬೇಗ ಬೇಗ ಮಾತನಾಡಿದರೆ ನಿರರ್ಗಳವೆಂದು ಎಣಿಸುತ್ತಾರೆಯೇ?

ನಿಮಿಷಕ್ಕೆ ಸುಮಾರು 120 ಪದದ ಸಾವಧಾನದ ವೇಗದಲ್ಲಿ ಎರಡು ನಿಮಿಷಕ್ಕೆ 240 ಪದವಾಗುತ್ತದೆ. ಬರೆದರೆ ಒಂದು ಪುಟದಷ್ಟೂ ಇಲ್ಲ. ಓಡಿಸುವ ಅಗತ್ಯವಿಲ್ಲ, ಓಡಿಸಿದರೆ ವಿಷಯ ಬೇಗ ಮುಗಿಯುತ್ತದೆ, ಪದಗಳ ಕೊನೆಯ ಧ್ವನಿಗಳು ನುಂಗಿಹೋಗುತ್ತವೆ. ಭೂತಕಾಲದ ‘ಡ್’, ಬಹುವಚನದ ‘ಸ್’ ಮೊದಲು ಬಲಿಯಾಗುವುದರಿಂದ, ನೀವು ಸರಿಯಾಗಿ ಹೇಳಿದ ವ್ಯಾಕರಣವೂ ಕೇಳುವವರಿಗೆ ತಪ್ಪಾಗಿ ಕೇಳಿಸುತ್ತದೆ. ಮುಂಬಯಿಯಲ್ಲಿ ಬೆಳೆದವರ ಸಹಜ ವೇಗವೇ ಹೆಚ್ಚು. ಅವರಿಗೆ ನಾನು ಹೇಳುವುದು ವಾಕ್ಯ ಮುಗಿದಲ್ಲಿ ಒಂದು ಉಸಿರು ತೆಗೆದುಕೊಳ್ಳಿ ಎಂದಷ್ಟೇ.

ಎಲ್ಲ ವಿರಾಮವೂ ತಪ್ಪೇ?

ಅಲ್ಲ, ಎಲ್ಲಿ ನಿಲ್ಲುತ್ತೀರಿ ಎನ್ನುವುದು ಮುಖ್ಯ. ಮುಂದೆ ಏನು ಹೇಳಲಿ ಎಂದು ವಾಕ್ಯಗಳ ನಡುವೆ ಯೋಚಿಸುವುದು ಎಲ್ಲರೂ ತಮ್ಮ ತಾಯ್ನುಡಿಯಲ್ಲಿಯೂ ಮಾಡುವಂಥದ್ದು. 8ರ ಮಟ್ಟದಲ್ಲಿ ಅಂಥ ವಿರಾಮವನ್ನು ಸಹಜವೆಂದೇ ಎಣಿಸುತ್ತಾರೆ. ಪದಕ್ಕಾಗಿ, ವ್ಯಾಕರಣಕ್ಕಾಗಿ ವಾಕ್ಯದ ಒಳಗೆ ನಿಲ್ಲುವುದು ಬೇರೆ.

ಕನ್ನಡಿಗರು ವಾಕ್ಯದ ಒಳಗೆ ನಿಲ್ಲಲು ಒಂದು ವಿಶೇಷ ಕಾರಣವಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಿನ್ನೆ ಸಂಜೆ ಠಾಣೆಯಲ್ಲಿರುವ ಅಕ್ಕನ ಮನೆಗೆ’ ಎಂದು ಎಲ್ಲ ಹೇಳಿ ಆಮೇಲೆ ‘ಹೋದೆ’ ಎನ್ನುತ್ತೇವೆ. ಇದೇ ಕ್ರಮದಲ್ಲಿ ಇಂಗ್ಲಿಷ್ ಶುರು ಮಾಡಿದರೆ ‘ಯೆಸ್ಟರ್ಡೇ ಈವ್ನಿಂಗ್, ಇನ್ ಠಾಣೆ, ಮೈ ಸಿಸ್ಟರ್ಸ್ ಹೌಸ್’ ಎಂದು ಹೋಗಿ, ಕರ್ತೃ ಮತ್ತು ಕ್ರಿಯೆ ಇಲ್ಲದೆ ವಾಕ್ಯ ಸಿಕ್ಕಿಬೀಳುತ್ತದೆ. ಇದಕ್ಕೆ ಮದ್ದು ಸರಳ: ಯಾರು, ಏನು ಮಾಡಿದರು ಎನ್ನುವ ಎರಡನ್ನು ಮೊದಲು ಬಾಯಿಂದ ಹೊರಗೆ ಹಾಕಿ. ‘ಐ ವೆಂಟ್’ ಎಂದಾದ ಮೇಲೆ ಎಲ್ಲಿಗೆ, ಯಾರ ಮನೆಗೆ, ಯಾವಾಗ ಎಂಬುದು ಒಂದೊಂದಾಗಿ ಸೇರಿಕೊಳ್ಳುತ್ತದೆ. ನಡುವೆ ನಿಂತರೂ ವಾಕ್ಯ ಮುರಿಯುವುದಿಲ್ಲ.

ಇನ್ನೊಂದು, ನಮ್ಮ ಭಾಗದ ತುಂಬುಪದಗಳು. ‘ಮತಲಬ್’, ‘ಮ್ಹಣಜೆ’, ‘ಅಂದರೆ’ ಮೂರೂ ಇಂಗ್ಲಿಷಿನ ನಡುವೆ ನುಸುಳುತ್ತವೆ. ಅವನ್ನು ತಡೆದವರು ‘ಆಕ್ಚುವಲಿ’, ‘ಬೇಸಿಕಲಿ’ಯನ್ನು ಪ್ರತಿ ವಾಕ್ಯಕ್ಕೂ ಹಚ್ಚುತ್ತಾರೆ. ಒಂದೆರಡು ಬಾರಿ ಬಂದರೆ ತೊಂದರೆಯಿಲ್ಲ. ಮೇಲಿಂದ ಮೇಲೆ ಬಂದರೆ ಅದಕ್ಕಿಂತ ಅರ್ಧ ಸೆಕೆಂಡಿನ ಮೌನ ಮೇಲು.

ಬೇಕಾದ ಪದ ಬಾಯಿಗೆ ಬಾರದಿದ್ದರೆ?

ಸುತ್ತು ಬಳಸಿ ಹೇಳಿ. ಇದನ್ನು ಪದಸಂಪತ್ತಿನ ಕೌಶಲವೆಂದೇ ಪರಿಗಣಿಸುತ್ತಾರೆ. ಅಜ್ಜಿಯ ಅಡುಗೆಮನೆಯ ಈಳಿಗೆಮಣೆಯ ಬಗ್ಗೆ ಹೇಳುವಾಗ ಇಂಗ್ಲಿಷ್ ಪದಕ್ಕಾಗಿ ತಡಕಾಡುವುದು ಬೇಡ. ಮರದ ಮಣೆಗೆ ಬಾಗಿದ ಅಲಗು ಜೋಡಿಸಿರುತ್ತದೆ, ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಾರೆ ಎಂದು ಎರಡು ಸರಳ ವಾಕ್ಯದಲ್ಲಿ ಹೇಳಿದರೆ, ಪದ ಗೊತ್ತಿಲ್ಲದ್ದು ಕೊರತೆಯಾಗಿ ಕಾಣುವುದೇ ಇಲ್ಲ, ಹತ್ತು ಸೆಕೆಂಡಿನ ಒಳ್ಳೆಯ ಮಾತೂ ಸಿಗುತ್ತದೆ.

ಒಂದು ನಿಮಿಷಕ್ಕೇ ಮಾತು ಮುಗಿದುಬಿಟ್ಟರೆ?

ಕಾರ್ಡು ನಿಮ್ಮ ಎದುರಿಗೇ ಇರುತ್ತದೆ, ನೋಡಿ. ಯಾವ ಸೂಚನೆಗೆ ಕಡಿಮೆ ಹೇಳಿದ್ದೀರೋ ಅಲ್ಲಿಗೆ ಮರಳಿ. ಅಂದಿಗೂ ಇಂದಿಗೂ ಹೋಲಿಸುವುದು ನನಗೆ ಅತ್ಯಂತ ಉಪಯುಕ್ತವಾಗಿ ಕಂಡ ದಾರಿ: ಆ ಜಾಗ ಆಗ ಹೇಗಿತ್ತು, ಈಗ ಹೇಗಾಗಿದೆ. ಭೂತಕಾಲ, ವರ್ತಮಾನ ಎರಡೂ ಒಟ್ಟಿಗೆ ಬರುವುದರಿಂದ ವ್ಯಾಕರಣದ ವೈವಿಧ್ಯವೂ ಕಾಣುತ್ತದೆ. ‘ದಟ್ಸ್ ಆಲ್’ ಎಂದು ಬಾಗಿಲು ಹಾಕಿಕೊಳ್ಳಬೇಡಿ.

ಮಾತು ಮುಗಿಯುವ ಮೊದಲೇ ಪರೀಕ್ಷಕರು ತಡೆದರು. ಅಂಕ ಹೋಯಿತೇ?

ಇಲ್ಲ. ಎರಡು ನಿಮಿಷ ತುಂಬಿದಾಗ ತಡೆಯುವುದು ಅವರ ನಿಯಮ, ಅದನ್ನು ಆರಂಭದಲ್ಲಿಯೇ ಹೇಳಿರುತ್ತಾರೆ. ಕಥೆ ಅರ್ಧಕ್ಕೆ ನಿಂತಿತಲ್ಲ ಎಂದು ಕೊರಗುತ್ತಾ ಮೂರನೆಯ ಭಾಗದ ಮೊದಲ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳದವರಿದ್ದಾರೆ, ನಿಜವಾದ ನಷ್ಟ ಅದು.

ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡರೆ ಸಮಯದ ಚಿಂತೆಯೇ ಇರುವುದಿಲ್ಲವಲ್ಲ?

ಪರೀಕ್ಷಕರಿಗೆ ಬಾಯಿಪಾಠ ಗುರುತಿಸುವ ತರಬೇತಿ ಇರುತ್ತದೆ. ಮೊದಲ ಭಾಗದಲ್ಲಿ ತಡವರಿಸಿದವರು ಎರಡನೆಯದರಲ್ಲಿ ಏಕಾಏಕಿ ಪ್ರಬಂಧದಂತೆ ಹರಿದರೆ ಯಾರಿಗಾದರೂ ತಿಳಿಯುತ್ತದೆ. ಒಂದು ಪದ ಮರೆತರೆ ಇಡೀ ಸರಪಳಿ ಕಡಿದುಹೋಗುವ ಅಪಾಯ ಬೇರೆ. ವಾಕ್ಯಗಳ ಬದಲು ಘಟನೆಗಳನ್ನು ಸಿದ್ಧ ಮಾಡಿಕೊಳ್ಳಿ. ಚೆನ್ನಾಗಿ ನೆನಪಿರುವ ಐದಾರು ಘಟನೆಗಳಿದ್ದರೆ ಬಹಳ ಕಾರ್ಡುಗಳಿಗೆ ಹೊಂದಿಸಬಹುದು. ಮೇಲಿನ ಮಳೆಯ ಕಥೆ ನೆರವಾದ ವ್ಯಕ್ತಿ, ಮರೆಯಲಾಗದ ಪ್ರಯಾಣ, ಕೆಟ್ಟ ಹವಾಮಾನ, ತಡವಾಗಿ ಮನೆ ಸೇರಿದ ದಿನ, ಎಲ್ಲದಕ್ಕೂ ಒದಗುತ್ತದೆ.

ಮೊದಲ ಮತ್ತು ಮೂರನೆಯ ಭಾಗದ ಉತ್ತರ ಎಷ್ಟು ಉದ್ದವಿರಬೇಕು?

ಮೊದಲನೆಯದರಲ್ಲಿ ಎರಡು ಮೂರು ವಾಕ್ಯ. ಮೂರನೆಯದರಲ್ಲಿ ಅಭಿಪ್ರಾಯ, ಕಾರಣ, ಒಂದು ಉದಾಹರಣೆ, ಬೇಕಾದರೆ ಒಂದು ‘ಆದರೆ’. ಯೋಚಿಸಲು ಸಮಯ ಬೇಕಾದರೆ ಪ್ರಶ್ನೆಯನ್ನು ಪೂರ್ತಿ ಪುನರುಚ್ಚರಿಸಬೇಡಿ, ‘ಐ ಹ್ಯಾವ್ಂಟ್ ಥಾಟ್ ಅಬೌಟ್ ಇಟ್ ಬಿಫೋರ್’ ಎಂದು ಒಂದು ಸಾಲು ಹೇಳಿ ಮುಂದುವರಿಯಿರಿ. ಪ್ರಶ್ನೆ ಅರ್ಥವಾಗದಿದ್ದರೆ ಈ ಭಾಗದಲ್ಲಿ ಬೇರೆ ಮಾತಿನಲ್ಲಿ ಹೇಳುವಂತೆ ಕೇಳಬಹುದು.

ಕನ್ನಡದ ಉಚ್ಚಾರಣೆಯ ಎಳೆ ಇದ್ದರೆ ತೊಂದರೆಯೇ?

ಎಳೆ ಇರಲಿ, ಅರ್ಥವಾಗುವುದು ಮುಖ್ಯ. ‘ಬುಕ್ಕು’, ‘ಬಸ್ಸು’ ಎಂದು ಪದದ ಕೊನೆಗೆ ಸ್ವರ ಸೇರಿಸುವ ಅಭ್ಯಾಸವನ್ನು ಮಾತ್ರ ಗಮನಿಸಿ. ಅದು ಎಲ್ಲ ಪದಗಳಿಗೂ ಒಂದೇ ತೂಕ ಕೊಟ್ಟು, ಇಂಗ್ಲಿಷಿನ ಏರಿಳಿತವನ್ನು ಅಳಿಸುತ್ತದೆ.

ಮನೆಯಲ್ಲಿ ಅಭ್ಯಾಸ ಹೇಗೆ? ಸುಧಾರಿಸಿದ್ದು ಹೇಗೆ ಗೊತ್ತಾಗುತ್ತದೆ?

ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಪ್ರಚಾರಕ್ಕೆ ತಂದ ನಾಲ್ಕು, ಮೂರು, ಎರಡು ಎಂಬ ಅಭ್ಯಾಸವಿದೆ. ಒಂದೇ ವಿಷಯವನ್ನು ಮೊದಲ ಕೇಳುಗರಿಗೆ ನಾಲ್ಕು ನಿಮಿಷ, ಎರಡನೆಯವರಿಗೆ ಮೂರು ನಿಮಿಷ, ಮೂರನೆಯವರಿಗೆ ಎರಡು ನಿಮಿಷದಲ್ಲಿ ಹೇಳಬೇಕು. ವಿಷಯ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಹೇಳುವುದರ ಮೇಲೆ ಬೀಳುತ್ತದೆ, ಸಮಯ ಕುಗ್ಗಿದಂತೆ ಅನಗತ್ಯ ನಿಲುಗಡೆಗಳು ಉದುರುತ್ತವೆ. ಕೇಳುಗರು ಬದಲಾಗುವುದು ಮುಖ್ಯ, ಅದೇ ವ್ಯಕ್ತಿಗೆ ಮೂರು ಸಲ ಹೇಳಿದರೆ ಕಥೆಯಲ್ಲಿ ಜೀವ ಉಳಿಯುವುದಿಲ್ಲ. ಅಕ್ಕ, ರೂಮಿನ ಗೆಳತಿ, ಕೆಲಸದ ಜೊತೆಗಾರರು ಯಾರಾದರೂ ಆಗಬಹುದು. ನಾಲ್ಕು ನಿಮಿಷ ಕಷ್ಟವಾದರೆ ಮೂರರಿಂದ ಆರಂಭಿಸಿ.

ಕೊನೆಯ ಸಲದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ತಪ್ಪು ಎಣಿಸಬೇಡಿ. ಹಿಂದೆ ತಿರುಗಿ ತಿದ್ದಿಕೊಂಡ ಕಡೆಗಳನ್ನೂ ವಾಕ್ಯದ ಒಳಗೆ ನಿಂತ ಕಡೆಗಳನ್ನೂ ಒಂದೊಂದು ಗೆರೆ ಎಳೆದು ಗುರುತಿಸಿ. ವಾರದ ಕೊನೆಗೆ ಗೆರೆಗಳು ಕಡಿಮೆಯಾಗಿದ್ದರೆ ದಾರಿ ಸರಿಯಿದೆ. ವ್ಯಾಕರಣದ ತಪ್ಪುಗಳಿಗೆ ಬೇರೆ ಹೊತ್ತು ಇಡಿ: ಮತ್ತೆ ಮತ್ತೆ ಬರುವ ಒಂದೇ ಒಂದು ತಪ್ಪನ್ನು ಆರಿಸಿ, ಮರುದಿನ ಬೇರೆ ಕಥೆಯಲ್ಲಿ ಅದರ ಮೇಲೆ ಮಾತ್ರ ಕಣ್ಣಿಡಿ.

ಪುಣೆಯಲ್ಲಿ ಜರ್ಮನ್ ಬಿ2 ಪರೀಕ್ಷೆಗೆ ಓದುತ್ತಿದ್ದೇನೆ. ಇದೇ ಕ್ರಮ ನಡೆಯುತ್ತದೆಯೇ?

ಬಹುಪಾಲು ನಡೆಯುತ್ತದೆ. ಗೋಥೆ ಬಿ2 ಮಾತಿನ ಪರೀಕ್ಷೆಯಲ್ಲಿ ಸುಮಾರು ನಾಲ್ಕು ನಿಮಿಷದ ಕಿರುಭಾಷಣ, ಆಮೇಲೆ ಜೊತೆಯ ಅಭ್ಯರ್ಥಿಯೊಂದಿಗೆ ಚರ್ಚೆ ಇರುತ್ತದೆ. ಸಿದ್ಧತೆಗೆ 15 ನಿಮಿಷ ಸಿಗುವುದರಿಂದ ಪೂರ್ತಿ ಭಾಷಣ ಬರೆದುಬಿಡುವ ಆಸೆ ಹುಟ್ಟುತ್ತದೆ. ಅಲ್ಲಿಯೂ ಪದಗಳನ್ನಷ್ಟೇ ಬರೆಯಿರಿ, ಸಿಕ್ಕ ಸಮಯದಲ್ಲಿ ಒಂದು ಪಾಲನ್ನು ಚರ್ಚೆಗೆ ತೆಗೆದಿಡಿ. ಭಾಷಣಕ್ಕೇ ಹದಿನೈದು ನಿಮಿಷ ಸುರಿದವರು ಚರ್ಚೆಯಲ್ಲಿ ಎದುರಿನವರ ಮಾತಿಗೆ ‘ಯಾ, ಗೆನಾವ್’, ಅಂದರೆ ಹೌದು ಹೌದು ಎಂದು ತಲೆಯಾಡಿಸುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಚರ್ಚೆಯ ವಿಷಯಕ್ಕೆ ಪರವಾಗಿ ಎರಡು, ವಿರುದ್ಧವಾಗಿ ಎರಡು ಮಾತುಗಳನ್ನು ಹಾಳೆಯಲ್ಲಿ ಮೊದಲೇ ಗುರುತಿಸಿಕೊಂಡು ಹೋಗಿ.